ಅಮ್ಮನ ಅಕೌಂಟಿಗೆ ಬಂದ ಆರು ಸಾವಿರ: ಗೇಮ್ ಐಡಿ ವ್ಯಾಪಾರದ ಬಗ್ಗೆ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಸೈಬರ್ ದೂರುಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯ ಅಧಿಕಾರಿಗಳಿಗೆ, ಮತ್ತು ನಮ್ಮ ಜಿಲ್ಲೆಯ ಅಪ್ಪ-ಅಮ್ಮಂದಿರಿಗೆ,

ನಮಸ್ಕಾರ.

ನಾನು ಹಾಸನದ ಬಸ್ ಸ್ಟ್ಯಾಂಡ್ ಕಡೆ ಒಂದು ಸಣ್ಣ ಮೊಬೈಲ್ ಅಂಗಡಿ ಇಟ್ಟಿದ್ದೇನೆ. ರೀಚಾರ್ಜ್, ಡಿಸ್‌ಪ್ಲೇ ರಿಪೇರಿ, ಹಳೆ ಫೋನ್ ವ್ಯಾಪಾರ. ಸಂಜೆ ಶಾಲೆ ಬಿಟ್ಟ ಮೇಲೆ ದುದ್ದ, ಶಾಂತಿಗ್ರಾಮ, ಸಾಲಗಾಮೆ ಕಡೆಯ ಬಸ್ಸಿಗೆ ಕಾಯುವ ಹುಡುಗರು ಅಂಗಡಿ ಮುಂದೆ ನಿಂತಿರುತ್ತಾರೆ. ಅವರು ಏನು ಆಡುತ್ತಾರೆ, ಏನು ಮಾತಾಡುತ್ತಾರೆ ಅನ್ನುವುದು ಮನೆಯವರಿಗಿಂತ ಮೊದಲು ನನ್ನಂಥ ಅಂಗಡಿಯವರ ಕಿವಿಗೆ ಬೀಳುತ್ತದೆ. ಈ ಪತ್ರ ಬರೆಯಲು ಅದೇ ಕಾರಣ.

ಮಕ್ಕಳು ಗೇಮ್ ಆಡುತ್ತಾರೆ ಅನ್ನುವ ದೂರು ಇದಲ್ಲ. ದುಡ್ಡು ಕಟ್ಟಿ ಗೆಲ್ಲುವ-ಸೋಲುವ ಆಟಗಳ ಮಾತೂ ಇಲ್ಲಿಲ್ಲ. ಅವನ್ನು ತಡೆಯಲು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂದಿದೆ. ನಾನು ಹೇಳುವುದು ಫ್ರೀ ಫೈರ್ ಮ್ಯಾಕ್ಸ್, ಬಿಜಿಎಂಐ ತರಹದ ಮಾಮೂಲಿ ಆಟಗಳಲ್ಲಿ ಮಕ್ಕಳು ತಮ್ಮತಮ್ಮಲ್ಲೇ ನಡೆಸುವ ಐಡಿ ವ್ಯಾಪಾರದ ಬಗ್ಗೆ. ಅದರಲ್ಲೂ ಒಂದು ಬಗೆಯ ಮೋಸದ ಬಗ್ಗೆ. ಇದರಲ್ಲಿ ಹುಡುಗನ ದುಡ್ಡು ಹೋಗುವುದಿಲ್ಲ, ದುಡ್ಡು ಬರುತ್ತದೆ. ಬಂದಿದ್ದರಿಂದಲೇ ಮನೆಗೆ ಕಷ್ಟ ಶುರುವಾಗುತ್ತದೆ. ತಂದೆತಾಯಿ ಸಾಮಾನ್ಯವಾಗಿ ಅಕೌಂಟಿನಿಂದ ಏನು ಹೋಯಿತು ಅಂತ ನೋಡುತ್ತಾರೆಯೇ ಹೊರತು ಏನು ಬಂತು ಅಂತ ನೋಡುವುದಿಲ್ಲ. ಹಾಗಾಗಿ ಇದು ಅವರ ಕಣ್ಣಿಗೆ ಬೀಳುವುದು ತೀರಾ ತಡವಾಗಿ.

ಮೊದಲು ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಫ್ರೀ ಫೈರ್‌ನಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಂದು ಅಕೌಂಟ್ ಇರುತ್ತದೆ. ಮಕ್ಕಳು ಅದನ್ನು 'ಐಡಿ' ಅನ್ನುತ್ತಾರೆ. ಆಟದೊಳಗಿನ ದುಡ್ಡಿಗೆ ಡೈಮಂಡ್ ಅಂತ ಹೆಸರು. ನಿಜವಾದ ದುಡ್ಡು ಕೊಟ್ಟು ಡೈಮಂಡ್ ಹಾಕಿಸಿಕೊಂಡು, ಅದರಲ್ಲಿ ಬಟ್ಟೆ ತೆಗೆದುಕೊಳ್ಳಬಹುದು, ಬಂದೂಕಿಗೆ ಬಣ್ಣದ ಸ್ಕಿನ್ ಹಾಕಿಸಬಹುದು, ಕುಣಿಯುವ ಎಮೋಟ್ ಕೊಳ್ಳಬಹುದು. ಕೆಲವು ಬಟ್ಟೆಗಳು ಒಂದು ಸೀಸನ್‌ನಲ್ಲಿ ಮಾತ್ರ ಸಿಕ್ಕಿ ಆಮೇಲೆ ಅಂಗಡಿಯಿಂದ ಮಾಯವಾಗುತ್ತವೆ. ಮೊದಲ ಸೀಸನ್ನಿನ ಸಕುರಾ, ಎರಡನೆಯದರ ಹಿಪ್ ಹಾಪ್ ಬಂಡಲ್ ಇರುವ ಐಡಿ ಅಂದರೆ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆ ಬಟ್ಟೆಯನ್ನು ಒಂದು ಐಡಿಯಿಂದ ತೆಗೆದು ಇನ್ನೊಂದಕ್ಕೆ ಹಾಕಲು ಬರುವುದಿಲ್ಲ. ಬೇಕು ಅಂದರೆ ಇಡೀ ಐಡಿಯನ್ನೇ ಕೊಳ್ಳಬೇಕು. ಐಡಿ ವ್ಯಾಪಾರ ಹುಟ್ಟಿದ್ದು ಹೀಗೆ. ಇನ್‌ಸ್ಟಾಗ್ರಾಂ ಪೇಜುಗಳಲ್ಲಿ, ಟೆಲಿಗ್ರಾಂ ಗ್ರೂಪುಗಳಲ್ಲಿ ದಿನವಿಡೀ ನಡೆಯುತ್ತದೆ. ಆಟದ ಕಂಪನಿಗಳು ಐಡಿ ಮಾರಬಾರದು ಅಂತ ನಿಯಮದಲ್ಲೇ ಬರೆದಿವೆ. ಹಾಗಾಗಿ ಮೋಸ ಹೋದವನು ಕಂಪನಿಗೆ ದೂರು ಕೊಟ್ಟರೂ ಅಲ್ಲಿ ಅವನ ಪರ ನಿಲ್ಲುವವರು ಇಲ್ಲ.

ಈಗ ನನಗೆ ಗೊತ್ತಿರುವ ಒಂದು ಮನೆಯಲ್ಲಿ ನಡೆದಿದ್ದನ್ನು ಹೇಳುತ್ತೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ದುದ್ದ ಹೋಬಳಿಯ ಒಂದು ಹಳ್ಳಿ ಅಂದರೆ ಸಾಕು.

ಹುಡುಗ ಆಗ ಎಸ್ಸೆಸ್ಸೆಲ್ಸಿ. ಆರನೇ ಕ್ಲಾಸಿನಿಂದ ಅಮ್ಮನ ಫೋನಿನಲ್ಲೇ ಆಡಿಕೊಂಡು ಬಂದವನು. ಪರೀಕ್ಷೆ ಮುಗಿಯಿತು. ಒಂದು ಸೆಕೆಂಡ್‌ಹ್ಯಾಂಡ್ ಫೋನ್ ಬೇಕು ಅನ್ನಿಸಿತು. ಅಪ್ಪನನ್ನು ಕೇಳಿದರೆ ಬೈಗುಳ. ತನ್ನ ಐಡಿ ಮಾರಿಬಿಡೋಣ ಅಂದುಕೊಂಡ. ಇದರಲ್ಲಿ ಕದಿಯುವ ಯೋಚನೆ ಇರಲಿಲ್ಲ. ತಾನು ವರ್ಷಗಟ್ಟಲೆ ಬೆಳೆಸಿದ ಐಡಿ, ತನ್ನದೇ ವಸ್ತು ಅಂತ ಅವನ ಲೆಕ್ಕ. ಒಂದು ಟೆಲಿಗ್ರಾಂ ಗ್ರೂಪಿನಲ್ಲಿ ವಾಲ್ಟ್‌ನ ಸ್ಕ್ರೀನ್‌ಶಾಟ್ ಹಾಕಿದ. ವಾಲ್ಟ್ ಅಂದರೆ ಐಡಿಯಲ್ಲಿರುವ ಬಟ್ಟೆ, ಸ್ಕಿನ್ನುಗಳೆಲ್ಲ ಜೋಡಿಸಿಟ್ಟ ಜಾಗ. ಬೆಲೆ ಆರು ಸಾವಿರ ಅಂತ ಬರೆದ.

ಅರ್ಧ ಗಂಟೆಯಲ್ಲಿ ಒಬ್ಬ ಮೆಸೇಜ್ ಮಾಡಿದ. ಚೌಕಾಸಿ ಮಾಡಲೇ ಇಲ್ಲ. 'ಬ್ರೋ, ವಾಲ್ಟ್ ಪೂರ್ತಿ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸು. ನಿನ್ನ ಯುಪಿಐ ಕ್ಯೂಆರ್ ಕಳಿಸು. ದುಡ್ಡು ಮೊದಲು ನಾನೇ ಹಾಕ್ತೀನಿ' ಅಂದ. ಹುಡುಗನಿಗೆ ಬ್ಯಾಂಕ್ ಅಕೌಂಟ್ ಎಲ್ಲಿದೆ? ಅಮ್ಮನ ಫೋನ್‌ಪೇ ಕ್ಯೂಆರ್ ಕಳಿಸಿದ. ಮಾರನೆಯ ದಿನ ಸಂಜೆ ಅಮ್ಮನ ಅಕೌಂಟಿಗೆ ಸರಿಯಾಗಿ ಆರು ಸಾವಿರ ಬಂತು. ಅಮ್ಮ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದರು, ಮೆಸೇಜ್ ನೋಡಲಿಲ್ಲ. ದುಡ್ಡು ಬಂದ ಮೇಲೆ ಇನ್ನೇನು ಅನುಮಾನ? ಹುಡುಗ ಐಡಿ ಕೊಟ್ಟ.

ಐಡಿ ಕೊಡುವುದು ಅಂದರೆ ಏನು ಕೊಡುವುದು ಅಂತ ಇಲ್ಲಿ ಬಿಡಿಸಿ ಹೇಳಬೇಕು. ಈ ಆಟದ ಐಡಿ ಒಂದು ಜಿಮೇಲಿಗೋ ಫೇಸ್‌ಬುಕ್ಕಿಗೋ ಕಟ್ಟಿಕೊಂಡಿರುತ್ತದೆ. ಹುಡುಗರು 'ಬೈಂಡ್ ಆಗಿದೆ' ಅನ್ನುತ್ತಾರೆ. ಕೊಂಡವನು ಒಳಗೆ ಹೋಗಬೇಕಾದರೆ ಆ ಜಿಮೇಲು, ಅದರ ಪಾಸ್‌ವರ್ಡು ಎರಡೂ ಬೇಕು. ಈ ಹುಡುಗನ ಐಡಿ ಬೈಂಡ್ ಆಗಿದ್ದು ಅಮ್ಮನ ಜಿಮೇಲಿಗೆ. ಫೋನ್ ಕೊಂಡ ದಿನ ಅಂಗಡಿಯವರು ಮಾಡಿಕೊಟ್ಟ ಜಿಮೇಲ್ ಅದು. ಅಮ್ಮನಿಗೆ ಅಂಥದ್ದೊಂದು ಇದೆ ಅಂತಲೂ ಗೊತ್ತಿರಲಿಲ್ಲ. ಆದರೆ ಅದರೊಳಗೆ ಮನೆಯವರ ಫೋಟೋಗಳಿದ್ದವು. ಎಲ್ಲರ ಫೋನ್ ನಂಬರುಗಳಿದ್ದವು. ಫೋನಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡುಗಳಿದ್ದವು. ಹುಡುಗ ಮಾರಿದ್ದು ಆಟದ ಐಡಿ, ಅದರ ಜೊತೆ ಹೊರಗೆ ಹೋಗಿದ್ದು ಇಷ್ಟು.

ಕೊಂಡವನು ಲಾಗಿನ್ ಆಗುವಾಗ ಅಮ್ಮನ ನಂಬರಿಗೆ ಒಂದು ಮೆಸೇಜ್ ಬಂತು. G- ಅಂತ ಶುರುವಾಗಿ ಆರು ಅಂಕಿ. ಅದು ಗೂಗಲ್ ಕಳಿಸುವ ಒಟಿಪಿ. ಹುಡುಗ ಅದನ್ನೂ ಟೈಪ್ ಮಾಡಿ ಕಳಿಸಿದ. ಹತ್ತು ನಿಮಿಷದಲ್ಲಿ ಪಾಸ್‌ವರ್ಡ್ ಬದಲಾಯಿತು, ಮೆಸೇಜ್ ಹೋಗಬೇಕಾದ ಫೋನ್ ನಂಬರೂ ಬದಲಾಯಿತು. ಆ ಕಡೆಯವನು 'ಥ್ಯಾಂಕ್ಸ್ ಬ್ರೋ' ಅಂತ ಹೇಳಿ ಚಾಟ್ ಪೂರ್ತಿ ಡಿಲೀಟ್ ಮಾಡಿ ಹೋದ. ಟೆಲಿಗ್ರಾಂನಲ್ಲಿ ಒಬ್ಬನೇ ಇಬ್ಬರ ಕಡೆಯ ಚಾಟನ್ನೂ ಅಳಿಸಬಹುದು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದೂವರೆ ವಾರ ಕಳೆಯಿತು. ಹಾಲಿನ ಬಟವಾಡೆ ಅಕೌಂಟಿಗೆ ಬಿದ್ದಿತ್ತು, ಗೃಹಲಕ್ಷ್ಮಿಯ ಎರಡು ಸಾವಿರವೂ ಇತ್ತು. ಸಂಘದ ಕಂತು ಕಟ್ಟಲು ಅಮ್ಮ ದುಡ್ಡು ತೆಗೆಯಲು ಹೋದರೆ ಬರಲಿಲ್ಲ. ಬ್ಯಾಂಕಿಗೆ ಹೋದರೆ 'ನಿಮ್ಮ ಅಕೌಂಟ್ ಫ್ರೀಜ್ ಆಗಿದೆ, ಬೇರೆ ರಾಜ್ಯದಲ್ಲಿ ಸೈಬರ್ ದೂರು ಇದೆ' ಅಂದರು. ಆ ತಾಯಿಗೆ ಕೈಕಾಲು ಆಡಲಿಲ್ಲ. ತನ್ನ ಅಕೌಂಟಿನಿಂದ ಯಾರೋ ಕದ್ದಿದ್ದಾರೆ ಅಂದುಕೊಂಡು ಅಳುತ್ತಾ ನನ್ನ ಅಂಗಡಿಗೆ ಬಂದರು, 'ಅಣ್ಣಾ, ಫೋನ್ ನೋಡಿ' ಅಂತ. ಕದ್ದವರು ಯಾರೂ ಇರಲಿಲ್ಲ. ಕಾಗದದ ಪ್ರಕಾರ ಮೋಸದ ದುಡ್ಡು ಬಂದು ಸೇರಿದ್ದು ಅವರದೇ ಅಕೌಂಟಿಗೆ.

ಆಗಿದ್ದು ಇಷ್ಟು. ಐಡಿ ಕೊಂಡವನು ತನ್ನ ಕೈಯಿಂದ ಒಂದು ರೂಪಾಯಿಯನ್ನೂ ಹಾಕಿರಲಿಲ್ಲ. ನಮ್ಮ ಹುಡುಗ ಕಳಿಸಿದ ಸ್ಕ್ರೀನ್ ರೆಕಾರ್ಡನ್ನೇ ತನ್ನದು ಅಂತ ಇನ್ನೆಲ್ಲೋ ಇರುವ ಇನ್ನೊಬ್ಬ ಹುಡುಗನಿಗೆ ತೋರಿಸಿದ್ದ. 'ಆರು ಸಾವಿರ, ಈ ಕ್ಯೂಆರ್‌ಗೆ ಹಾಕು, ಇದು ನಮ್ಮ ಅಮ್ಮನದು' ಅಂತ ಹೇಳಿ ಈ ತಾಯಿಯ ಕ್ಯೂಆರ್ ಕೊಟ್ಟಿದ್ದ. ಆ ಹುಡುಗ ತನ್ನ ಅಪ್ಪನ ಫೋನಿನಿಂದ ದುಡ್ಡು ಹಾಕಿದ. ಅವನಿಗೆ ಐಡಿ ಸಿಗಲಿಲ್ಲ. ಅಪ್ಪನಿಗೆ ಗೊತ್ತಾಗಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು. ಪೊಲೀಸರಿಗೆ ಕಾಣುವುದು ದುಡ್ಡಿನ ದಾರಿ ಮಾತ್ರ ಅಲ್ವಾ? ಆ ಅಪ್ಪನ ಅಕೌಂಟಿನಿಂದ ಈ ಅಮ್ಮನ ಅಕೌಂಟಿಗೆ. ನಡುವೆ ನಿಂತು ಐಡಿ ಹೊಡೆದುಕೊಂಡವನ ಹೆಸರು ಆ ದಾರಿಯಲ್ಲಿ ಎಲ್ಲೂ ಇಲ್ಲ. ಐಡಿಯನ್ನು ಅವನು ಮೂರನೆಯವರಿಗೆ ಮಾರಿಕೊಂಡಿರುತ್ತಾನೆ. ಎರಡು ಮನೆ ಒಂದರ ಮೇಲೊಂದು ದೂರು ಹೇಳಿಕೊಂಡು ಕೂತವು.

ಇದನ್ನು ತ್ರಿಕೋನದ ಮೋಸ ಅನ್ನಬಹುದು. ಹಳೆ ಬೈಕು, ಹಳೆ ಫೋನ್ ವ್ಯಾಪಾರದಲ್ಲೂ ನಡೆಯುತ್ತದೆ. ಆದರೆ ಬೈಕಿಗೆ ಆರ್‌ಸಿ ಇದೆ, ಕಣ್ಣಾರೆ ನೋಡಿ ಕೊಳ್ಳುವ ವಸ್ತು. ಗೇಮ್ ಐಡಿಗೆ ಕಾಗದವಿಲ್ಲ, ಮುಖಾಮುಖಿ ಇಲ್ಲ, ಇಬ್ಬರೂ ಮಕ್ಕಳು, ಇಬ್ಬರೂ ಮನೆಯಲ್ಲಿ ಹೇಳದೆ ಮಾಡುವವರು. ಮೋಸಗಾರನಿಗೆ ಇದಕ್ಕಿಂತ ಸಲೀಸು ಇನ್ನೇನಿದೆ?

ಅಪ್ಪ-ಅಮ್ಮಂದಿರೇ, ಇದನ್ನು ಮೊದಲೇ ಹಿಡಿಯಬಹುದಿತ್ತು. ಆ ಆರು ಸಾವಿರ ಬಂದ ಸಂಜೆಯೇ ಫೋನ್‌ಪೇ ತೆಗೆದು ಹಿಸ್ಟರಿ ನೋಡಿದ್ದರೆ, ಬಂದ ದುಡ್ಡಿನ ಮುಂದೆ ಒಂದು ಹೆಸರು ಇರುತ್ತಿತ್ತು. ಆ ಹೆಸರು ಮಗ ಮಾತಾಡುತ್ತಿದ್ದ 'ಬ್ರೋ'ನ ಹೆಸರಲ್ಲ. ಯಾರೋ ದೊಡ್ಡವರ ಹೆಸರು. 'ಇದು ಯಾರು? ನಮಗೆ ಯಾಕೆ ದುಡ್ಡು ಹಾಕಿದರು?' ಅಂತ ಒಂದು ಪ್ರಶ್ನೆ ಕೇಳಿದ್ದರೆ ವಿಷಯ ಅಲ್ಲೇ ಹೊರಗೆ ಬರುತ್ತಿತ್ತು. ಹಾಗಾಗಿ ನನ್ನ ಮೊದಲ ಮಾತು ಇದೇ. ನಿಮ್ಮ ಫೋನಿನಲ್ಲಿ ಮಕ್ಕಳು ಆಡುತ್ತಿದ್ದರೆ, ವಾರಕ್ಕೊಮ್ಮೆ ಹಿಸ್ಟರಿಯಲ್ಲಿ ಬಂದ ದುಡ್ಡನ್ನೂ ನೋಡಿ. ಪರಿಚಯವೇ ಇಲ್ಲದ ಹೆಸರಿನಿಂದ ಐನೂರು ಬಂದಿದ್ದರೂ ಕೇಳಿ. ಕೆಲವು ಹುಡುಗರು 'ಫ್ರೆಂಡ್‌ಗೆ ಅಕೌಂಟ್ ಇಲ್ಲ, ನಮ್ಮದಕ್ಕೆ ಹಾಕಿಸ್ಕೊಂಡೆ' ಅನ್ನುತ್ತಾರೆ. ಅದು ಇನ್ನೂ ಅಪಾಯ. ಬೇರೆಯವರ ದುಡ್ಡು ನಮ್ಮ ಅಕೌಂಟಿಗೆ ಹಾಕಿಸಿಕೊಂಡು ಮುಂದೆ ಕಳಿಸಿದರೆ, ದೂರು ಬಂದಾಗ ಉತ್ತರ ಹೇಳಬೇಕಾದವರು ಅಕೌಂಟಿನ ಯಜಮಾನರು, ಅಂದರೆ ನೀವು.

ಎರಡನೆಯದು ಆ G- ಮೆಸೇಜ್. ನೀವು ಎಲ್ಲೂ ಲಾಗಿನ್ ಆಗದೇ ಇದ್ದಾಗ ಅದು ಬಂದರೆ ನಿಮ್ಮ ಜಿಮೇಲನ್ನು ಯಾರೋ ಬೇರೆ ಕಡೆ ತೆರೆಯಲು ನೋಡುತ್ತಿರಬಹುದು. ಮೆಸೇಜ್ ಡಿಲೀಟ್ ಆಗಿರಬಹುದು, ಹಾಗಾಗಿ ಇನ್ನೊಂದು ದಾರಿಯೂ ಇದೆ. ಜಿಮೇಲ್ ಆ್ಯಪ್ ತೆಗೆದು ಮೇಲೆ ಬಲಗಡೆ ಇರುವ ದುಂಡನೆಯ ಚಿತ್ರ ಒತ್ತಿ. ಆ ಫೋನಿನಲ್ಲಿ ಎಷ್ಟು ಜಿಮೇಲ್ ಅಕೌಂಟುಗಳಿವೆ ಅಂತ ಸಾಲಾಗಿ ತೋರಿಸುತ್ತದೆ. ಮನೆಯವರದು ಒಂದೋ ಎರಡೋ ಇರಬೇಕು. ನಾಲ್ಕೈದು ಇದ್ದು, ಹೆಸರುಗಳೆಲ್ಲ ಅಂಕಿ-ಅಕ್ಷರ ಕಲಸಿದ ಹಾಗೆ ಇದ್ದರೆ, ಮಗ ಐಡಿ ಕೊಳ್ಳುವುದೋ ಮಾರುವುದೋ ಮಾಡುತ್ತಿದ್ದಾನೆ ಅನ್ನುವುದಕ್ಕೆ ಅದಕ್ಕಿಂತ ಚೆನ್ನಾದ ಗುರುತು ನನಗೆ ಗೊತ್ತಿಲ್ಲ. ನಾನು ರಿಪೇರಿಗೆ ಬಂದ ಫೋನುಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಒಂದೊಂದು ಐಡಿಗೂ ಒಂದೊಂದು ಜಿಮೇಲ್ ಬೇಕಾಗುತ್ತದೆ, ಅದಕ್ಕೇ ಅವು ಬೆಳೆಯುತ್ತಾ ಹೋಗುತ್ತವೆ.

ಜಿಮೇಲ್ ಕೈತಪ್ಪಿ ಹೋಗಿದ್ದರೂ ದಿನ ದೂಡದೆ ಹೊರಟರೆ ವಾಪಸ್ ಸಿಗುವ ಸಾಧ್ಯತೆ ಇದೆ. g.co/recover ಅನ್ನುವ ವಿಳಾಸಕ್ಕೆ ಹೋಗಿ, ಸಾಧ್ಯವಾದರೆ ನೀವು ಯಾವಾಗಲೂ ಬಳಸುತ್ತಿದ್ದ ಫೋನಿನಿಂದಲೇ, ಅಕೌಂಟ್ ವಾಪಸ್ ಕೇಳಬೇಕು. ಕದ್ದವನು ಫೋನ್ ನಂಬರ್ ಬದಲಾಯಿಸಿದ್ದರೂ, ಬದಲಾಯಿಸಿದ ದಿನದಿಂದ ಏಳು ದಿನದವರೆಗೆ ಹಳೆ ನಂಬರಿನಿಂದಲೇ ವಾಪಸ್ ಪಡೆಯಲು ಗೂಗಲ್ ಅವಕಾಶ ಇಟ್ಟಿದೆ. ನಮ್ಮ ಈ ತಾಯಿ ಬಂದಾಗ ಆ ಏಳು ದಿನ ದಾಟಿತ್ತು.

ಈ ಏಳು ದಿನದ ವಿಷಯ ಹುಡುಗರಿಗೂ ಗೊತ್ತು. ಅದರಿಂದ ಇನ್ನೊಂದು ಮೋಸ ಹುಟ್ಟಿದೆ. ಐಡಿ ಮಾರಿ, ದುಡ್ಡು ತೆಗೆದುಕೊಂಡು, ನಾಲ್ಕು ದಿನ ಸುಮ್ಮನಿದ್ದು, ಹಳೆ ನಂಬರಿನಿಂದ ಐಡಿಯನ್ನು ವಾಪಸ್ ಎಳೆದುಕೊಳ್ಳುವುದು. ಕೊಂಡವನು ಬೆಳಗ್ಗೆ ಎದ್ದು ನೋಡಿದರೆ ಐಡಿ ಇಲ್ಲ. ಇದನ್ನು ಮಾಡುವವರು ಎಲ್ಲೋ ದೂರದ ಖದೀಮರೇ ಆಗಬೇಕಿಲ್ಲ. ಒಮ್ಮೆ ಹೀಗೆ ಕಳೆದುಕೊಂಡ ಹುಡುಗನೇ ಮುಂದಿನ ತಿಂಗಳು ಇನ್ನೊಬ್ಬನಿಗೆ ಹಾಗೇ ಮಾಡಿದ್ದನ್ನು ನಾನು ಕೇಳಿದ್ದೇನೆ. 'ನಂಗೂ ಹಿಂಗೇ ಆಯ್ತಲ್ಲ ಅಣ್ಣಾ' ಅನ್ನುತ್ತಾನೆ. ಅವನಿಗೆ ಅದು ಲೆಕ್ಕ ಚುಕ್ತಾ ಮಾಡಿದ ಹಾಗೆ. ಆದರೆ ಕಾನೂನಿನಲ್ಲಿ ಅದು ವಂಚನೆ, ಹದಿನೆಂಟು ತುಂಬದವನಾದರೆ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ನನಗೆ ಜಾಸ್ತಿ ಸಂಕಟ ಆಗುವುದು ಇದರಲ್ಲೇ. ಮಗ ಮೋಸ ಹೋಗಿದ್ದಾನಾ ಅಂತ ನೋಡುವಾಗ, ಮಗ ಮಾಡುತ್ತಿದ್ದಾನಾ ಅಂತಲೂ ಮೆಲ್ಲಗೆ ಕೇಳಬೇಕಾಗುತ್ತದೆ.

ದುಡ್ಡು ಹೋಗುವ ಮೋಸಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅವು ಸ್ವಲ್ಪ ಮಟ್ಟಿಗೆ ಎಲ್ಲರಿಗೂ ಗೊತ್ತು. ಕಡಿಮೆ ಬೆಲೆಗೆ ಡೈಮಂಡ್ ಹಾಕಿಕೊಡುತ್ತೇವೆ ಅಂತ ಒಬ್ಬ ಬರುತ್ತಾನೆ. ಡೈಮಂಡ್ ಹಾಕಲು ಆಟಗಾರನ UID ನಂಬರ್ ಒಂದು ಸಾಕು. ಅದು ಎಲ್ಲರಿಗೂ ಕಾಣುವ ನಂಬರ್, ಕೊಟ್ಟರೆ ತೊಂದರೆ ಇಲ್ಲ. ಪಾಸ್‌ವರ್ಡ್ ಕೇಳಿದ ಅಂದರೆ ಅವನು ಕಳ್ಳನೇ. ಇನ್ನೊಂದು ಮಿಡಲ್‌ಮ್ಯಾನ್ ಆಟ. ಗ್ರೂಪಿನ ಅಡ್ಮಿನ್ ನಡುವೆ ನಿಂತು ವ್ಯಾಪಾರ ಮಾಡಿಸುತ್ತಾನೆ ಅಂತ ನಂಬಿಸುತ್ತಾರೆ. ಅದೇ ಹೆಸರು, ಅದೇ ಫೋಟೋ ಹಾಕಿಕೊಂಡ ನಕಲಿ ಅಡ್ಮಿನ್ ಮೊದಲು ಮುನ್ನೂರು ಹಾಕಿಸಿಕೊಳ್ಳುತ್ತಾನೆ. ಆಮೇಲೆ ಸೇಫ್ಟಿ ಫೀ ಐನೂರು, ವಾಪಸ್ ಬರುತ್ತೆ ಅಂತಾನೆ. ಆಮೇಲೆ ಪೇಮೆಂಟ್ ಸಿಕ್ಕಿಹಾಕಿಕೊಂಡಿದೆ, ಬಿಡಿಸಲು ಎಂಟುನೂರು. ಹುಡುಗ ಮೊದಲಿನ ಮುನ್ನೂರು ಉಳಿಸಿಕೊಳ್ಳಲು ಹೋಗಿ ಮಿಕ್ಕಿದ್ದನ್ನೆಲ್ಲ ಹಾಕುತ್ತಾನೆ. ಹಿಸ್ಟರಿಯಲ್ಲಿ ಇದರ ಗುರುತು ತುಂಬಾ ಸ್ಪಷ್ಟ: ಒಂದೇ ಹೊಸ ಹೆಸರಿಗೆ, ಒಂದೇ ಸಂಜೆ, ಏರುತ್ತಾ ಹೋಗುವ ಮೊತ್ತ. ದುಡ್ಡಿನ ಬದಲು ಗೂಗಲ್ ಪ್ಲೇ ರೀಡೀಮ್ ಕೋಡ್ ಕಳಿಸು ಅನ್ನುವವರೂ ಇದ್ದಾರೆ. ಆ ಕೋಡ್ ಇನ್ನೊಬ್ಬರು ಬಳಸಿಬಿಟ್ಟರೆ ಹಿಡಿಯುವುದು ಕಷ್ಟ. ನಿಮ್ಮ ಫೋನ್‌ಪೇಯಲ್ಲಿ ಗೂಗಲ್ ಪ್ಲೇ ರೀಚಾರ್ಜ್ ಅಂತ ಇದ್ದರೆ, ಆ ಕೋಡನ್ನು ತಾನೇ ಬಳಸಿದನಾ, ಯಾರಿಗಾದರೂ ಕಳಿಸಿದನಾ ಅಂತ ಕೇಳಿ.

ಮನೆಯಲ್ಲಿ ಯುಪಿಐ ಇಲ್ಲದ ಮಕ್ಕಳು ನೋಟು ಹಿಡಿದುಕೊಂಡು ನಮ್ಮಂಥ ಅಂಗಡಿಗೆ ಬರುತ್ತಾರೆ. 'ಅಣ್ಣಾ, ಈ ನಂಬರಿಗೆ ಐನೂರು ಹಾಕಿ.' ಯಾರಿಗೆ ಅಂದರೆ ಫ್ರೆಂಡಿಗೆ. ನಂಬರ್ ಹೊಡೆದರೆ ಬರುವ ಹೆಸರು ಆ ಫ್ರೆಂಡಿನ ಹೆಸರಲ್ಲ. ಜಿಲ್ಲೆಯ ಎಲ್ಲ ಮೊಬೈಲ್ ಅಂಗಡಿಯವರಿಗೆ, ಜೆರಾಕ್ಸ್-ರೀಚಾರ್ಜ್ ಅಂಗಡಿಯವರಿಗೆ ನನ್ನ ಬೇಡಿಕೆ: ಹತ್ತು ರೂಪಾಯಿ ಕಮಿಷನ್‌ಗಾಗಿ ಇದನ್ನು ಮಾಡಬೇಡಿ. ನಾನು ಈಗ ಮನೆಗೆ ಫೋನ್ ಹಚ್ಚಿಸಿ ಮಾತಾಡಿಯೇ ಹಾಕುವುದು. ಹುಡುಗರು ಮುಖ ಊದಿಸಿಕೊಂಡು ಹೋಗುತ್ತಾರೆ, ಹೋಗಲಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಏನು ಮಾಡಬೇಕು ಅನ್ನುವುದು ಎರಡು ಬಗೆ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಹಾಕಿ. ಹಿಸ್ಟರಿಯಲ್ಲಿ ಆ ಪೇಮೆಂಟನ್ನು ಒತ್ತಿದರೆ UTR ಅಂತ ಹನ್ನೆರಡು ಅಂಕಿಯ ನಂಬರ್ ಇರುತ್ತದೆ, ಅದನ್ನು ಕೇಳುತ್ತಾರೆ. ಮೋಸಗಾರ ದುಡ್ಡನ್ನು ಬೇರೆ ಕಡೆ ದಾಟಿಸುವ ಮೊದಲು ಬ್ಯಾಂಕು ತಡೆದರೆ ಮಾತ್ರ ಉಳಿಯುತ್ತದೆ, ಹಾಗಾಗಿ ಇಲ್ಲಿ ಗಂಟೆಗಳ ಲೆಕ್ಕ. ಮಕ್ಕಳು ಹೇಳುವುದು ತಡ ಮಾಡುವುದೇ ಇಲ್ಲಿ ದೊಡ್ಡ ತೊಡಕು. ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ ಅಂತ ಮೂರು ದಿನ ಬಾಯಿ ಮುಚ್ಚಿಕೊಂಡಿರುತ್ತಾರೆ. ಆ ಮೂರು ದಿನದಲ್ಲಿ ದುಡ್ಡು ಎಲ್ಲೆಲ್ಲೋ ಹೋಗಿರುತ್ತದೆ. 'ಮೋಸ ಆದ ದಿನವೇ ಬಂದು ಹೇಳಿದರೆ ಫೋನ್ ಕಿತ್ತುಕೊಳ್ಳಲ್ಲ' ಅಂತ ಈಗಲೇ, ಏನೂ ಆಗುವ ಮೊದಲೇ ಮಾತು ಕೊಡಿ. ಕೊಟ್ಟ ಮಾತಿಗೆ ನಿಲ್ಲಿ.

ದುಡ್ಡು ಬಂದು ಅಕೌಂಟ್ ಫ್ರೀಜ್ ಆಗಿದ್ದರೆ ದಾರಿ ಬೇರೆ. ಮೊದಲು ಬ್ಯಾಂಕಿನಲ್ಲಿ ಬರವಣಿಗೆಯಲ್ಲಿ ಮೂರು ವಿಷಯ ಕೇಳಿ: ದೂರಿನ ನಂಬರ್ ಏನು, ಯಾವ ಠಾಣೆಯದು, ಎಷ್ಟು ಮೊತ್ತದ ಬಗ್ಗೆ ದೂರು. ದೂರು ಆರು ಸಾವಿರದ್ದಾದರೆ ಅಷ್ಟನ್ನೇ ಹೋಲ್ಡ್ ಮಾಡಿ ಉಳಿದಿದ್ದನ್ನು ಬಿಡಬೇಕು ಅಂತ ಅರ್ಜಿ ಕೊಡಿ. ಚಾಟ್ ಇದ್ದರೆ ಅಳಿಸದೆ ಇಟ್ಟುಕೊಳ್ಳಿ, ಇನ್ನೊಂದು ಫೋನಿನಿಂದ ಅದರ ಫೋಟೋ ತೆಗೆಯಿರಿ. ಮೊದಲೇ ಹೇಳಿದೆನಲ್ಲ, ಆ ಕಡೆಯವನು ಯಾವಾಗ ಬೇಕಾದರೂ ಅಳಿಸಬಹುದು. ಈ ಹುಡುಗನ ಹತ್ತಿರ ಚಾಟ್ ಉಳಿದಿರಲಿಲ್ಲ. ಅದೃಷ್ಟಕ್ಕೆ, ಗ್ರೂಪಿನಲ್ಲಿ ಐಡಿ ಮಾರಾಟಕ್ಕಿದೆ ಅಂತ ಅವನೇ ಹಾಕಿದ್ದ ಪೋಸ್ಟು ಇತ್ತು, ಫೋನಿನ ಗ್ಯಾಲರಿಯಲ್ಲಿ ಅವತ್ತಿನ ತಾರೀಕಿನ ಸ್ಕ್ರೀನ್ ರೆಕಾರ್ಡ್ ಇತ್ತು. ಅವೆರಡರ ಜೊತೆ ಒಂದು ಹೇಳಿಕೆ ಬರೆದು ಬ್ಯಾಂಕಿಗೂ ಆ ರಾಜ್ಯದ ತನಿಖಾಧಿಕಾರಿಗೂ ಕಳಿಸಿದೆವು. ಉಳಿದ ದುಡ್ಡಿಗೆ ಇದ್ದ ತಡೆ ತೆರವಾಗಲು ತಿಂಗಳಿಗೂ ಜಾಸ್ತಿ ಹಿಡಿಯಿತು. ಅಷ್ಟರಲ್ಲಿ ಹಾಲಿನ ಬಟವಾಡೆ ಮತ್ತೆ ಬಂದು ಅದೇ ಅಕೌಂಟಿನಲ್ಲಿ ಸಿಕ್ಕಿಕೊಂಡಿತ್ತು. ಹಿಂಡಿ ತರಲು ಆ ತಾಯಿ ತಮ್ಮ ತಂಗಿಯ ಹತ್ತಿರ ಸಾಲ ಮಾಡಿದರು.

ಒಂದು ಎಚ್ಚರಿಕೆ. ಅಕೌಂಟ್ ಫ್ರೀಜ್ ಆದ ಮೇಲೆ ಯಾರೋ ಫೋನ್ ಮಾಡಿ, 'ಈ ನಂಬರಿಗೆ ಆರು ಸಾವಿರ ವಾಪಸ್ ಹಾಕಿ, ಕೇಸ್ ಮುಗಿಸ್ತೀವಿ' ಅನ್ನಬಹುದು. ಹಾಕಬೇಡಿ. ಅವರು ನಿಜವಾಗಿ ದುಡ್ಡು ಕಳೆದುಕೊಂಡವರೇ ಅಂತ ಫೋನಿನಲ್ಲಿ ಗೊತ್ತಾಗುವುದಿಲ್ಲ. ವಾಪಸ್ ಕೊಡುವುದಿದ್ದರೆ ಪೊಲೀಸರ, ಬ್ಯಾಂಕಿನ ಮೂಲಕವೇ ಕೊಡಿ, ಕಾಗದ ಇಟ್ಟುಕೊಳ್ಳಿ.

ಸನ್ಮಾನ್ಯ ಉಪನಿರ್ದೇಶಕರೇ, ತಮ್ಮಲ್ಲಿ ನನ್ನ ಬೇಡಿಕೆ ಹೀಗಿದೆ. ಶಾಲೆಗಳಲ್ಲಿ ಸೈಬರ್ ಜಾಗೃತಿ ಅಂದರೆ ಮಕ್ಕಳನ್ನು ಕೂರಿಸಿ 'ಒಟಿಪಿ ಯಾರಿಗೂ ಹೇಳಬೇಡಿ' ಅನ್ನುವುದಕ್ಕೆ ನಿಲ್ಲುತ್ತದೆ. ಮಕ್ಕಳಿಗೆ ಆ ಮಾತು ಬಾಯಿಪಾಠ. ಬ್ಯಾಂಕಿನ ಒಟಿಪಿ ಹೇಳಬಾರದು ಅಂತ ಅವರಿಗೆ ಗೊತ್ತು, ಗೇಮಿಗೆ ಬಂದ G- ನಂಬರೂ ಅದೇ ಜಾತಿಯದು ಅಂತ ಗೊತ್ತಿಲ್ಲ. ದಯವಿಟ್ಟು ಈ ಮಾತನ್ನು ತಾಯಂದಿರಿಗೆ ತಲುಪಿಸಿ. ಎಂಟರಿಂದ ಹತ್ತನೇ ಕ್ಲಾಸಿನ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟು, ಅವರವರ ಫೋನನ್ನು ಅವರವರ ಕೈಯಲ್ಲೇ ಹಿಡಿಸಿ, ಬಂದ ದುಡ್ಡಿನ ಹಿಸ್ಟರಿ ಮತ್ತು ಜಿಮೇಲುಗಳ ಪಟ್ಟಿ, ಈ ಎರಡನ್ನು ತೆಗೆದು ನೋಡಿಸಿದರೆ ಸಾಕು. ಭಾಷಣ ಬೇಡ. ಸಭೆ ಫೆಬ್ರವರಿಯಲ್ಲಿ ಆದರೆ ಒಳ್ಳೆಯದು. ಪರೀಕ್ಷೆ ಮುಗಿದು ರಜೆ ಶುರುವಾದ ಮೇಲೆಯೇ ಐಡಿ ಮಾರಾಟದ ಮಾತು ಅಂಗಡಿ ಮುಂದೆ ಜಾಸ್ತಿ ಕೇಳಿಸುವುದು.

ಸಿಇಎನ್ ಠಾಣೆಯ ಅಧಿಕಾರಿಗಳೇ, ಅಕೌಂಟ್ ಫ್ರೀಜ್ ಆದ ಹಳ್ಳಿಯ ಹೆಣ್ಣುಮಗಳಿಗೆ ಬೇರೆ ರಾಜ್ಯದ ಠಾಣೆಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇಮೇಲ್ ಬರೆಯಲು ಬರುವುದಿಲ್ಲ. ಅಂಥವರು ತುಂಬಿಸಬಹುದಾದ ಒಂದು ಪುಟದ ಕನ್ನಡ ಫಾರಂ ತಾವು ಮಾಡಿಕೊಟ್ಟರೆ, ಅದರ ಮೇಲೆ ತಮ್ಮ ಠಾಣೆಯ ಒಂದು ಸೀಲು ಬಿದ್ದು ಆ ಕಡೆಯ ಅಧಿಕಾರಿಗೆ ಹೋದರೆ, ತಿಂಗಳು ಹಿಡಿಯುವ ಕೆಲಸ ಎಷ್ಟೋ ಬೇಗ ಆಗುತ್ತದೆ. ಐನೂರು-ಎಂಟುನೂರರ ದೂರುಗಳನ್ನೂ ದಯವಿಟ್ಟು ಬರೆದುಕೊಳ್ಳಿ. ಮೊತ್ತ ಸಣ್ಣದು ನಿಜ. ಆದರೆ ಒಂದೇ ಯುಪಿಐ ನಂಬರ್ ಹತ್ತು ಮಕ್ಕಳ ದೂರಿನಲ್ಲಿ ಕಾಣಿಸಿಕೊಂಡರೆ, ಆಗ ಅದು ಸಣ್ಣ ಮೊತ್ತವಲ್ಲ.

ಆ ಫಾರಂ ಆದರೆ ಅದರ ಪ್ರತಿಗಳನ್ನು ನನ್ನ ಅಂಗಡಿಯಲ್ಲಿ ಇಡಲು ನಾನು ತಯಾರಿದ್ದೇನೆ. ಬೇರೆ ಅಂಗಡಿಗಳ ಗೆಳೆಯರೂ ಒಪ್ಪಿದ್ದಾರೆ. ಪೋಷಕರ ಸಭೆಗೆ ಕರೆದರೆ ಬಂದು, ಫೋನಿನಲ್ಲಿ ಎಲ್ಲಿ ಒತ್ತಿದರೆ ಏನು ಕಾಣುತ್ತದೆ ಅಂತ ತೋರಿಸಿಕೊಡುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ಗಿರಾಕಿ ಕಡಿಮೆ, ಆ ಹೊತ್ತಿನಲ್ಲಿ ಯಾವ ಶಾಲೆಗಾದರೂ ಬರಬಲ್ಲೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೊಬೈಲ್ ಅಂಗಡಿಯವ, ಹಾಸನ